ಮೀನಖಂಡ ಅದುರುವುದು ಮತ್ತು ಎಎಲ್‌ಎಸ್ ಭಯ

ಪ್ರಶ್ನೆ: ವಯಸ್ಸು 29, ಬೆಂಗಳೂರಲ್ಲಿ ಐಟಿ ಕೆಲಸ. ಎರಡು ತಿಂಗಳಿಂದ ಮೀನಖಂಡ, ತೋಳು, ಕಣ್ಣಿನ ರೆಪ್ಪೆ ಪಟಪಟ ಅದುರುತ್ತೆ. ಕೈ ನಡುಗುತ್ತೆ, ಬೆರಳು ಜುಮುಜುಮು ಅನ್ನುತ್ತೆ. ಗೂಗಲ್ ಮಾಡಿದರೆ ಎಎಲ್‌ಎಸ್ ಅಂತ ಬರುತ್ತೆ. ನಿದ್ದೆನೇ ಇಲ್ಲ. ಏನು ಮಾಡಲಿ?

ಉತ್ತರ: ನಾನು ಇಲ್ಲಿನ ಒಂದು ಆಸ್ಪತ್ರೆಯ ನರ ಪರೀಕ್ಷೆ ಕೋಣೆಯಲ್ಲಿ ತಂತ್ರಜ್ಞ. ಇಎಂಜಿ ಅಂದರೆ ಸ್ನಾಯುವಿಗೆ ಸೂಜಿ ಹಾಕಿ ಅದರ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ. ಸೂಜಿ ಹಾಕುವುದು ಡಾಕ್ಟರ್, ಯಂತ್ರ ನೋಡಿಕೊಳ್ಳುವುದು ನಾನು. ಇದೇ ಭಯ ಹೊತ್ತುಕೊಂಡು ಬರುವವರನ್ನು ಆಗಾಗ ನೋಡುತ್ತೇನೆ. ಅವರಿಗೆ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ ಅದುರುವ ಬಗ್ಗೆ ಅಲ್ಲ. "ಮೊದಲು ಆಗುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ?" ಅಂತ ಕೇಳುತ್ತಾರೆ.

ಎಎಲ್‌ಎಸ್‌ನಲ್ಲಿ ಸ್ನಾಯುವನ್ನು ನಡೆಸುವ ನರಕೋಶಗಳೇ ಸಾಯುತ್ತವೆ. ಹಾಗಾಗಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಶಕ್ತಿ. ಬೀಗದ ಕೈ ತಿರುಗಿಸಲು ಆಗುವುದಿಲ್ಲ, ಅಂಗಿ ಗುಂಡಿ ಹಾಕಲು ಆಗುವುದಿಲ್ಲ, ಒಂದು ಕಾಲಿನ ಚಪ್ಪಲಿ ಪದೇಪದೇ ಜಾರುತ್ತೆ, ಮಾತು ತೊದಲುತ್ತೆ. ಅದು ಒಂದು ಕಡೆ ಶುರುವಾಗಿ ಹಬ್ಬುತ್ತಾ ಹೋಗುತ್ತೆ. ಶಕ್ತಿ ಪೂರ್ತಿ ಇದ್ದು, ಇವತ್ತು ಮೀನಖಂಡ, ನಾಳೆ ರೆಪ್ಪೆ ಅಂತ ಮೈಯೆಲ್ಲಾ ಬರೀ ಅದುರುವುದು ಆ ಕಾಯಿಲೆಯ ರೀತಿ ಅಲ್ಲ. "ಕಾಲು ಸೋತ ಹಾಗೆ ಅನಿಸುತ್ತೆ" ಅನ್ನುವುದೂ, ನಿಜವಾಗಿ ಮೆಟ್ಟಿಲು ಹತ್ತಲು ಆಗದಿರುವುದೂ ಬೇರೆ ಬೇರೆ.

ಬನಶಂಕರಿ ಕಡೆಯ ಒಬ್ಬ ಹುಡುಗ ಬಂದಿದ್ದ. ನಿಮ್ಮ ವಯಸ್ಸೇ ಇರಬಹುದು. ಶಕ್ತಿ ಕಡಿಮೆ ಆಗಿದೆಯಾ ಅಂತ ನೋಡಲು ರಾತ್ರಿ ಮಲಗುವ ಮುಂಚೆ ತುದಿಗಾಲಲ್ಲಿ ಎದ್ದು ಎದ್ದು ಇಳಿಯುತ್ತಿದ್ದ, ಟೇಪ್ ಹಿಡಿದು ಎರಡೂ ತೊಡೆ ಅಳೆಯುತ್ತಿದ್ದ. ಡಾಕ್ಟರ್ ಅವನನ್ನು ತುದಿಗಾಲಲ್ಲಿ, ಹಿಮ್ಮಡಿಯಲ್ಲಿ ನಡೆಸಿದರು. ಕುಕ್ಕರಗಾಲಲ್ಲಿ ಕೂರಿಸಿ ಎಬ್ಬಿಸಿದರು, ಸುತ್ತಿಗೆಯಿಂದ ಮಂಡಿ ತಟ್ಟಿ ನೋಡಿದರು. ಎಲ್ಲಾ ಸರಿ ಇತ್ತು. ಆದರೂ ಅವನ ಸಮಾಧಾನಕ್ಕೆ ಇಎಂಜಿ ಮಾಡಿದೆವು. ನರ ಕಳೆದುಕೊಂಡ ಸ್ನಾಯುವಿಗೆ ಸೂಜಿ ಹಾಕಿದರೆ, ಅದು ಸುಮ್ಮನಿದ್ದಾಗಲೂ ಯಂತ್ರದ ಸ್ಪೀಕರ್‌ನಲ್ಲಿ ಗಡಿಯಾರದ ಹಾಗೆ ಸಮ ಅಂತರದಲ್ಲಿ ಟಿಕ್ ಟಿಕ್ ಕೇಳುತ್ತೆ. ಅವನ ಸ್ನಾಯು ನಿಶ್ಶಬ್ದವಾಗಿತ್ತು. ನಡುನಡುವೆ, ಯಾವ ಲೆಕ್ಕಕ್ಕೂ ಸಿಗದ ಹಾಗೆ, ಒಂದೊಂದು 'ಟಪ್' ಅಷ್ಟೇ. ಅವನು ಚರ್ಮದ ಕೆಳಗೆ ಕಾಣುತ್ತಿದ್ದ ಅದುರು ಅದೇ. ದಣಿದ ಸ್ನಾಯುವಿನ ನರದ ತುದಿ ತಾನಾಗಿಯೇ ಸಿಡಿಯುತ್ತೆ, ಹಾಗಾಗಿ ಆ ರಾತ್ರಿ ಪರೀಕ್ಷೆಯೇ ಅದುರನ್ನು ಹೆಚ್ಚಿಸುತ್ತಿತ್ತು. ಅದನ್ನು ಪೂರ್ತಿ ನಿಲ್ಲಿಸಲು ಡಾಕ್ಟರ್ ಹೇಳಿದರು. ದಯವಿಟ್ಟು ನೀವೂ ಇಂಥದ್ದೇನಾದರೂ ಮಾಡುತ್ತಿದ್ದರೆ ಇವತ್ತೇ ಬಿಡಿ.

ಅಮೆರಿಕದ ಮೇಯೋ ಕ್ಲಿನಿಕ್‌ನವರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಅದುರುವಿಕೆ ಇದ್ದು ಪರೀಕ್ಷೆ ಸರಿ ಇದ್ದ 121 ಜನರನ್ನು 2ರಿಂದ 32 ವರ್ಷದವರೆಗೆ ಗಮನಿಸಿದ್ದರು. ಒಬ್ಬರಿಗೂ ಎಎಲ್‌ಎಸ್ ಬರಲಿಲ್ಲ. ಆದರೆ ಅದುರುವುದು ಬೇಗ ನಿಲ್ಲುತ್ತೆ ಅಂತ ನಾನು ಮಾತು ಕೊಡಲಾರೆ. ಕೆಲವರಿಗೆ ವರ್ಷಗಟ್ಟಲೆ ಬಂದು ಹೋಗಿ ಮಾಡುತ್ತೆ.

ಇನ್ನು ಜುಮುಜುಮು. ಎಎಲ್‌ಎಸ್ ಮುಖ್ಯವಾಗಿ ಚಲನೆಯ ನರಗಳ ಕಾಯಿಲೆ, ಸ್ಪರ್ಶದ ನರಗಳನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಹೆದರಿದಾಗ ನಮಗೇ ಗೊತ್ತಿಲ್ಲದೆ ಉಸಿರು ಜಾಸ್ತಿ ಆಗುತ್ತೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ, ಅದರಿಂದ ನರಗಳಿಗೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾಗಿ ಅವು ಸುಲಭವಾಗಿ ಸಿಡಿಯುತ್ತವೆ. ಎರಡೂ ಕೈಬೆರಳು, ತುಟಿ ಸುತ್ತ ಜುಮ್ಮೆನ್ನುವುದು ಇದರಿಂದ. ಕೈ ನಡುಕಕ್ಕೆ ಅದೇ ಭಯದ ಅಡ್ರಿನಲಿನ್ ಕಾರಣ ಇರಬಹುದು. ಎಲ್ಲರ ಕೈಯಲ್ಲೂ ಇರುವ ಸಣ್ಣ ನಡುಕವನ್ನು ಅದು ದೊಡ್ಡದು ಮಾಡುತ್ತೆ.

ಹಾಗಂತ ಎಲ್ಲವನ್ನೂ ಟೆನ್ಷನ್ ತಲೆ ಮೇಲೆ ಹಾಕಬೇಡಿ. ಬಿ12, ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಒಮ್ಮೆ ನೋಡಿಸಿ. ಥೈರಾಯ್ಡ್ ಜಾಸ್ತಿ ಆದರೂ ಕೈ ನಡುಗುತ್ತೆ. ನಮ್ಮಲ್ಲಿ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಬಹಳ. ಎರಡೂ ಪಾದ ಜೋಮು ಹಿಡಿದರೆ ಅದನ್ನು ಬಿಡಲೇಬಾರದು, ತಡವಾದರೆ ನರಕ್ಕೆ ಹಾನಿ ಉಳಿದುಬಿಡಬಹುದು. ಆದರೆ ರಕ್ತ ಕೊಡುವ ಮುಂಚೆ ಬಿ12 ಮಾತ್ರೆ, ಇಂಜೆಕ್ಷನ್ ತಗೋಬೇಡಿ. ಆಮೇಲೆ ಕೊರತೆ ಇತ್ತಾ ಇಲ್ವಾ ಗೊತ್ತಾಗುವುದಿಲ್ಲ.

ನಿಜವಾಗಿ ಒಂದು ಕೈ ಅಥವಾ ಕಾಲು ಸೋಲುತ್ತಿದ್ದರೆ, ಹೆಬ್ಬೆರಳು ತೋರುಬೆರಳ ನಡುವಿನ ಮಾಂಸ ಕರಗಿದ್ದರೆ, ಮಾತು ತೊದಲುತ್ತಿದ್ದರೆ, ನುಂಗುವಾಗ ನೆತ್ತಿಗೇರುತ್ತಿದ್ದರೆ ಕಾಯಬೇಡಿ. ನಿಮ್ಹಾನ್ಸ್‌ಗೋ, ಹತ್ತಿರದ ನ್ಯೂರಾಲಜಿಸ್ಟ್ ಹತ್ತಿರವೋ ಹೋಗಿ. ಇವು ಯಾವುದೂ ಇಲ್ಲದಿದ್ದರೂ ಒಂದು ಸಲ ಕೈಯಾರೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಹೋಗುವಾಗ ಅದುರುವುದರ ವಿಡಿಯೋ ಫೋನಲ್ಲಿ ಇರಲಿ. ದಿನಕ್ಕೆ ಎಷ್ಟು ಕಾಫಿ, ಎಷ್ಟು ಗಂಟೆ ನಿದ್ದೆ, ಯಾವ ಔಷಧಿ ಅಂತ ಬರೆದುಕೊಂಡು ಹೋಗಿ. ಆಸ್ತಮಾ ಇನ್‌ಹೇಲರ್ ಬಳಸುತ್ತಿದ್ದರೆ ಅದನ್ನು ಮರೆಯದೆ ಹೇಳಿ, ಸಾಲ್ಬುಟಮಾಲ್‌ಗೂ ಕೈ ನಡುಗುತ್ತೆ.