ಐದನೇ ತಿಂಗಳ ಸ್ಕ್ಯಾನಿಗೆ ಶಾರ್ಜಾದಿಂದ ಹೆಂಡತಿಗೆ ಹಾಕಿದ ಮೆಸೇಜ್

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ಹೆಂಡತಿ ಉಡುಪಿಯಲ್ಲಿ, ಈಗ ನಾಲ್ಕು ತಿಂಗಳು. ಮುಂದಿನ ಸ್ಕ್ಯಾನಿಗೆ ವಿಡಿಯೋ ಕಾಲ್‌ನಲ್ಲಿ ನಾನೂ ಇರಬೇಕು ಅಂತ ಆಸೆ. ಅವಳಿಗೆ ಏನಂತ ಮೆಸೇಜ್ ಹಾಕಲಿ? ದೂರದಿಂದ ಬೇರೆ ಏನು ಮಾಡಬಹುದು?

ಮೆಸೇಜ್ ಬರೆಯುವ ಮೊದಲು ಸ್ಕ್ಯಾನಿಂಗ್ ಸೆಂಟರಿಗೆ ನೀವೇ ಒಂದು ಫೋನ್ ಮಾಡಿ. ಮೊದಲ ಸಲ ನಾನು ಮಾಡಲಿಲ್ಲ. ಅದರ ಕಷ್ಟ ಅವಳಿಗೆ ಬಂತು.

ನಾನು ಶಾರ್ಜಾದಲ್ಲಿ ಕೆಲಸದಲ್ಲಿದ್ದೇನೆ. ಹೆಂಡತಿ ಬ್ರಹ್ಮಾವರದ ಹತ್ತಿರ ತಾಯಿ ಮನೆಯಲ್ಲಿದ್ದಳು. ಹನ್ನೆರಡನೇ ವಾರದ ಎನ್‌ಟಿ ಸ್ಕ್ಯಾನಿಗೆ "ಒಳಗೆ ಹೋದ ಕೂಡಲೇ ಕಾಲ್ ಮಾಡು, ನಾನೂ ನೋಡ್ತೇನೆ" ಅಂದಿದ್ದೆ. ಇಲ್ಲಿ ಶಾರ್ಜಾದಲ್ಲಿ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು ಕಾಯುತ್ತಿದ್ದೆ. ಅವಳು ಮಂಚದ ಮೇಲೆ ಮಲಗಿ ಫೋನ್ ಎತ್ತಿದ್ದೇ ತಡ, ಸಿಸ್ಟರ್ "ಮೊಬೈಲ್ ಆಫ್ ಮಾಡಿ" ಅಂದರಂತೆ. "ನಮ್ಮವರು ಹೊರದೇಶದಲ್ಲಿದ್ದಾರೆ, ಒಂದು ನಿಮಿಷ ಸಾಕು" ಅಂತ ಇವಳು ಕೇಳಿಕೊಂಡಳು. ಆಗಲ್ಲ ಅಂದರು. ಹೊಟ್ಟೆಗೆ ಜೆಲ್ ಹಚ್ಚಿ ಆಗಿತ್ತು, ಇವಳ ಕಣ್ಣಲ್ಲಿ ನೀರು. ಮಗು ಪರದೆಯ ಮೇಲೆ ಕೈಕಾಲು ಆಡಿಸುತ್ತಿದ್ದ ಹೊತ್ತಿಗೆ ಇವಳ ತಲೆಯಲ್ಲಿ ಇದ್ದದ್ದು ನನ್ನ ಕಾಲ್. ಆ ದಿನ ಸಂಜೆ ಅವಳು ಅದನ್ನು ಹೇಳಿದಾಗ ನನಗೆ ತುಂಬ ಬೇಜಾರಾಯಿತು.

ಸಿಸ್ಟರ್ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ 1994ರಿಂದ ಇದೆ. ಮಗು ಗಂಡೋ ಹೆಣ್ಣೋ ಅಂತ ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ತಿಳಿಸುವ ಹಾಗಿಲ್ಲ. ಪ್ರತಿ ಸ್ಕ್ಯಾನಿಗೂ ಮೊದಲು ಫಾರ್ಮ್ ಎಫ್ ತುಂಬಿಸಿ, ಲಿಂಗ ತಿಳಿಯುವ ಇಚ್ಛೆ ಇಲ್ಲ ಅಂತ ಅವಳ ಸಹಿ ಹಾಕಿಸುತ್ತಾರೆ. ಡಾಕ್ಟರೂ ಸಹಿ ಹಾಕಬೇಕು. ವಿಡಿಯೋದಲ್ಲಿ ಪರದೆ ಬೇರೆ ಯಾರೋ ನೋಡಿದರೆ, ರೆಕಾರ್ಡ್ ಮಾಡಿಕೊಂಡರೆ, ನಾಳೆ ಉತ್ತರ ಕೊಡಬೇಕಾದವರು ಅವರು. ಹಾಗಾಗಿ ಸುಮಾರು ಕಡೆ ಫೋನ್ ಒಳಗೇ ಬಿಡುವುದಿಲ್ಲ. ಯುಎಇಯಲ್ಲಿ ಸ್ಕ್ಯಾನ್ ಮಾಡಿಸಿದ ಗೆಳೆಯರು "ನೀನೂ ಕೇಳು, ಹೇಳ್ತಾರೆ" ಅನ್ನಬಹುದು. ಇಲ್ಲಿಯ ಕ್ರಮ ಬೇರೆ. ಊರಲ್ಲಿ ದಯವಿಟ್ಟು ತಮಾಷೆಗೂ ಕೇಳಬೇಡಿ. ಕೇಳಿದವರಿಗೂ 3 ವರ್ಷದವರೆಗೆ ಜೈಲು ಆಗಬಹುದು.

ಮುಂದಿನದ್ದು ಅನಾಮಲಿ ಸ್ಕ್ಯಾನ್, ಅಂದರೆ ಮಗುವಿನ ಅಂಗಾಂಗ ಸರಿ ಇದೆಯಾ ಅಂತ ನೋಡುವುದು. ಸಾಮಾನ್ಯವಾಗಿ 18ರಿಂದ 20 ವಾರದ ಒಳಗೆ ಮಾಡಿಸುತ್ತಾರೆ. ನಿಮ್ಮ ಹೆಂಡತಿಗೂ ಈಗ ಬರುವುದು ಅದೇ ಇರಬೇಕು. ಈ ಸಲ ಮೂರು ದಿನ ಮೊದಲೇ ನಾನೇ ಸೆಂಟರಿಗೆ ಫೋನ್ ಮಾಡಿದೆ. ಎರಡೇ ವಿಷಯ ಕೇಳಿದೆ: ಒಳಗೆ ಫೋನ್ ಬಿಡುತ್ತೀರಾ, ಇಲ್ಲವಾದರೆ ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರ್ ವಿವರಿಸುವಾಗ ನಾನು ವಿಡಿಯೋದಲ್ಲಿ ಇರಬಹುದಾ. ಒಳಗೆ ಆಗಲ್ಲ, ಆಮೇಲೆ ಡಾಕ್ಟರ ಟೇಬಲ್ ಹತ್ತಿರ ಐದು ನಿಮಿಷ ಆಗಬಹುದು ಅಂದರು. ನಿಜ ಹೇಳಬೇಕೆಂದರೆ ನಮಗೆ ಬೇಕಾದದ್ದು ಆ ಐದು ನಿಮಿಷವೇ. ಕಪ್ಪು ಬಿಳುಪು ಪರದೆಯನ್ನು ಫೋನಿನಲ್ಲಿ ನೋಡಿದರೆ ನಮಗೆ ಏನೂ ಅರ್ಥ ಆಗುವುದಿಲ್ಲ.

ಹಿಂದಿನ ರಾತ್ರಿ ಅತ್ತೆಯ ಫೋನಿನಲ್ಲಿ ಕಾಲ್ ಮಾಡಿ ನೋಡಿದೆವು. ಇಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಆದರೆ ಊರಿನವರು ಅಭ್ಯಾಸದಲ್ಲಿ ಅದನ್ನೇ ಒತ್ತುತ್ತಾರೆ. ಬೋಟಿಮ್ ಹಾಕಿಸಿ, ಅದು ಕೈಕೊಟ್ಟರೆ ಅಂತ ಗೂಗಲ್ ಮೀಟ್ ಕೂಡ ಇಟ್ಟುಕೊಂಡೆವು. ಆಮೇಲೆ ಅವಳಿಗೆ ಈ ಮೆಸೇಜ್ ಹಾಕಿದೆ. ಅವಳನ್ನು ಕೇಳಿಯೇ ಇಲ್ಲಿ ಕೊಡುತ್ತಿದ್ದೇನೆ.

"ನಾಳೆ 11 ಗಂಟೆಗೆ ಸ್ಕ್ಯಾನ್. ನನಗಿಲ್ಲಿ ಒಂಬತ್ತೂವರೆ. ಅರ್ಧ ದಿನ ರಜೆ ಹಾಕಿದ್ದೇನೆ, ಎಷ್ಟು ಲೇಟಾದರೂ ನಾನಿರುತ್ತೇನೆ. ಸೆಂಟರಿಗೆ ನಾನೇ ಫೋನ್ ಮಾಡಿ ಕೇಳಿದ್ದೇನೆ, ಒಳಗೆ ಫೋನ್ ಬಿಡುವುದಿಲ್ಲ. ನೀನು ಯಾರ ಹತ್ತಿರವೂ ಕೇಳಿಕೊಳ್ಳುವುದು ಬೇಡ. ಫೋನ್ ಅತ್ತೆ ಕೈಗೆ ಕೊಟ್ಟು ಆರಾಮಾಗಿ ಒಳಗೆ ಹೋಗು. ನನಗೆ ತೋರಿಸಲಿಕ್ಕೆ ಆಗಲಿಲ್ಲ ಅಂತ ಬೇಜಾರು ಮಾಡಬೇಡ. ನೀನು ಕಣ್ಣು ತುಂಬ ನೋಡಿ ಬಾ, ರಾತ್ರಿ ನಿಧಾನಕ್ಕೆ ಹೇಳು.

ಅರ್ಧ ಗಂಟೆ ಆಗಬಹುದು, ಜಾಸ್ತಿಯೂ ಆಗಬಹುದು. ಡಾಕ್ಟರ್ ಮಾತಾಡದೆ ನೋಡುತ್ತಿದ್ದರೆ ಹೆದರಬೇಡ. ತಲೆ, ಹೊಟ್ಟೆ, ತೊಡೆಮೂಳೆ ಅಳತೆ ತೆಗೀತಾರೆ, ಹೃದಯದ ನಾಲ್ಕು ಕೋಣೆ, ಬೆನ್ನುಹುರಿ, ಕಿಡ್ನಿ ಎಲ್ಲ ನೋಡ್ತಾರೆ. ಮಗು ಸರಿಯಾಗಿ ಕಾಣದಿದ್ದರೆ ಸ್ವಲ್ಪ ನಡೆದು ಬನ್ನಿ ಅಂತ ಹೊರಗೆ ಕಳಿಸಬಹುದು. ಹಾಗಾದರೆ ನನಗೆ ಕಾಲ್ ಮಾಡು, ಒಟ್ಟಿಗೆ ನಡೆಯುವ.

ಮುಗಿದ ಮೇಲೆ ಡಾಕ್ಟರ್ ಹೇಳುವಾಗ ನನ್ನನ್ನು ಕಾಲ್‌ನಲ್ಲಿ ತೆಗೆದುಕೋ. ಬರೆದುಕೊಳ್ಳುವ ಕೆಲಸ ನನ್ನದು. ನೀನು ಸುಮ್ನೆ ಕೇಳಿದರೆ ಸಾಕು. ನಿನಗೆ ಕೇಳಬೇಕಾದ್ದು ಏನಾದರೂ ಇದ್ದರೆ ಈಗಲೇ ಹಾಕು, ನಾನು ಕೇಳುತ್ತೇನೆ. ಹಳೇ ರಿಪೋರ್ಟ್, ಡಾಕ್ಟರ ಚೀಟಿ, ಆಧಾರ್ ನೀಲಿ ಫೈಲಲ್ಲಿ ಇಡಲಿಕ್ಕೆ ಅತ್ತೆಗೆ ಹೇಳಿದ್ದೇನೆ. ಹತ್ತಕ್ಕೆ ರಿಕ್ಷಾ ಬರುತ್ತದೆ. ನೀನು ತಿಂಡಿ ತಿಂದು ಹೊರಡು."

ಅವಳ ಉತ್ತರ ಒಂದೇ ಸಾಲು: "ಸರಿ. ಮಗುವಿನ ಕೈಬೆರಳು ಸರಿ ಉಂಟಾ ಅಂತ ಕೇಳಿ." ಇಷ್ಟು ದಿನ ಅವಳನ್ನು ಆ ಚಿಂತೆ ಕಾಡುತ್ತಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಮರುದಿನ ಆದದ್ದೂ ಹಾಗೆಯೇ. ಮಗು ಬೆನ್ನು ಮೇಲೆ ಮಾಡಿ ಮಲಗಿತ್ತು. ಹೃದಯ ಸರಿಯಾಗಿ ಕಾಣಲಿಲ್ಲ, ನಡೆದು ಬನ್ನಿ ಅಂತ ಹೊರಗೆ ಕಳಿಸಿದರು. ಮೊದಲೇ ಹೇಳಿದ್ದರಿಂದ ಅವಳು ಗಾಬರಿಯಾಗಲಿಲ್ಲ. ಕಾರಿಡಾರಿನಲ್ಲಿ ಆಚೆ ಈಚೆ ನಡೆಯುತ್ತ ಮುಕ್ಕಾಲು ಗಂಟೆ ನನ್ನೊಡನೆ ಮಾತಾಡಿದಳು. ಹೊರಗೆ ಜೂನ್ ಮಳೆ, ಶೀಟಿನ ಮೇಲೆ ಬೀಳುವ ಶಬ್ದ ನನಗೂ ಕೇಳುತ್ತಿತ್ತು. ಸ್ಕ್ಯಾನ್ ರೂಮಿನ ಒಳಗೆ ಇರಬೇಕು ಅಂತ ಹಟ ಹಿಡಿದಿದ್ದವನು ನಾನು. ಅವಳು ಇವತ್ತಿಗೂ ನೆನಪಿಸಿಕೊಳ್ಳುವುದು ಆ ಮುಕ್ಕಾಲು ಗಂಟೆಯನ್ನು.

ಎರಡನೇ ಸಲ ಎಲ್ಲ ಕಂಡಿತು, ಬೆರಳೂ ಸರಿ ಇತ್ತು. ಆಮೇಲೆ ಡಾಕ್ಟರ್ ಹೇಳಿದ ಒಂದು ವಿಷಯ: ಪ್ಲಾಸೆಂಟಾ, ಅಂದರೆ ಮಾಸು, ಸ್ವಲ್ಪ ಕೆಳಗಿದೆ. ನಾನು ಹಾಳೆಯಲ್ಲಿ ಬರೆದುಕೊಂಡದ್ದು ಹೀಗಿದೆ. ಮಾಸಿನ ಅಂಚು ಗರ್ಭಕೋಶದ ಬಾಯಿಯಿಂದ 12 ಮಿಲಿಮೀಟರ್ ದೂರ. 20ಕ್ಕಿಂತ ಕಡಿಮೆ ಇದ್ದರೆ ಕೆಳಗಿದೆ ಅನ್ನುತ್ತಾರೆ. ಗರ್ಭಕೋಶದ ಕೆಳಭಾಗ ಬೆಳೆದ ಹಾಗೆ ಹೆಚ್ಚಿನವರಿಗೆ ಈ ದೂರ ತಾನಾಗಿ ಜಾಸ್ತಿ ಆಗುತ್ತದೆ. 32ನೇ ವಾರಕ್ಕೆ ಮತ್ತೆ ಸ್ಕ್ಯಾನ್. ಅಷ್ಟರವರೆಗೆ ಭಾರ ಎತ್ತಬಾರದು. ಮಲಗಿಯೇ ಇರಬೇಕು ಅಂತಿಲ್ಲ. ರಕ್ತ ಕಂಡರೆ, ನೋವು ಇಲ್ಲದಿದ್ದರೂ, ಕೂಡಲೇ ಆಸ್ಪತ್ರೆ.

ಆ ಹಾಳೆ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ರಾತ್ರಿಯೇ ಗೊತ್ತಾಯಿತು. ಮನೆಗೆ ಬರುವಷ್ಟರಲ್ಲಿ ಅವಳ ತಲೆಯಲ್ಲಿ ಉಳಿದಿದ್ದದ್ದು "ಕೆಳಗೆ ಉಂಟು" ಅನ್ನುವ ಎರಡೇ ಶಬ್ದ. ಅತ್ತೆ ಹೆದರಿ "ಇನ್ನು ಮಂಚದಿಂದ ಏಳುವುದು ಬೇಡ" ಅಂದುಬಿಟ್ಟರು. ಇವಳು ಗಂಜಿ ಬಟ್ಟಲು ಮುಂದಿಟ್ಟುಕೊಂಡು ಅಳುತ್ತಿದ್ದಳು. ಅತ್ತೆ ಹತ್ತಿರ ನಾನು ವಾದ ಮಾಡಲಿಲ್ಲ. "ಅತ್ತೆ, ಡಾಕ್ಟರ್ ಹೇಳಿದ್ದನ್ನು ಬರೆದುಕೊಂಡಿದ್ದೇನೆ, ಓದುತ್ತೇನೆ ಕೇಳಿ" ಅಂದೆ. ಎರಡು ಸಲ ಓದಿದೆ. "ಹಾಗಾದ್ರೆ ಅಂಗಳದಲ್ಲಿ ನಡೀಬಹುದಲ್ವಾ" ಅಂತ ಅವರೇ ಕೇಳಿದರು. ನಮ್ಮ ಡಾಕ್ಟರ್ ಹೇಳಿದ್ದು ನಮ್ಮ ರಿಪೋರ್ಟಿಗೆ. ನಿಮ್ಮಲ್ಲಿ ಹೀಗೇನಾದರೂ ಬಂದರೆ ನಿಮ್ಮ ಡಾಕ್ಟರ ಮಾತನ್ನೇ ಬರೆದಿಟ್ಟುಕೊಳ್ಳಿ. ಕೇಳಿ ರೆಕಾರ್ಡ್ ಮಾಡಬಹುದು, ಕೇಳದೆ ಬೇಡ.

ರಕ್ತ ಕಂಡರೆ ಅನ್ನುವ ಮಾತು ನನ್ನ ನಿದ್ದೆ ಕೆಡಿಸಿತು. ಮಳೆಗಾಲ, ರಾತ್ರಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿನಲ್ಲಿ ನೆಟ್‌ವರ್ಕೂ ಹೋಗುತ್ತದೆ. ನನಗೆ ಕಾಲ್ ಮಾಡಿ, ನಾನು ಇನ್ನೊಬ್ಬರಿಗೆ ಮಾಡಿ, ಅಷ್ಟೆಲ್ಲ ಸಮಯ ಇರುವುದಿಲ್ಲ. ಅದಕ್ಕೆ ಹತ್ತಿರದ ಮನೆಯ ಕಾರಿನವರ ಹತ್ತಿರ ನಾನೇ ಮಾತಾಡಿದೆ. ರಾತ್ರಿ ಎಷ್ಟು ಹೊತ್ತಿಗಾದರೂ ಬಾಗಿಲು ತಟ್ಟಿ ಅಂದರು. ಅವರ ನಂಬರ್, ಆಸ್ಪತ್ರೆ ನಂಬರ್, 108, ಇಷ್ಟನ್ನೂ ಮನೆಯವರು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದರು. ಅತ್ತೆ ಫೋನಿಗೆ ಬೇರೆ ಕಂಪನಿಯ ಸಿಮ್ ಹಾಕಿಸಿದೆ, ಒಂದು ಹೋದರೆ ಇನ್ನೊಂದು ಇರಲಿ ಅಂತ. ಮತ್ತೆ ಅವಳಿಗೆ ಹೇಳಿದೆ: "ಮೊದಲು ಕಾರು, ಆಮೇಲೆ ಆಸ್ಪತ್ರೆ, ನಾನು ಕೊನೆಗೆ. ದಾರಿಯಲ್ಲಿ ಹೇಳಿದರೆ ಸಾಕು." ಇದನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಅವರು ನಮ್ಮ ಫೋನಿಗೇ ಕಾಯುತ್ತಾರೆ.

ದೇವರ ದಯೆ, ಆ ಕಾರು ಬೇಕಾಗಲಿಲ್ಲ. ಆಗಸ್ಟ್ ಕೊನೆಗೆ 32ನೇ ವಾರದ ಸ್ಕ್ಯಾನ್ ಆಯಿತು. ಆವತ್ತೂ ನಾನು ಡಾಕ್ಟರ ಟೇಬಲ್ ಮೇಲೆ ನೀರಿನ ಬಾಟಲಿಗೆ ಒರಗಿಸಿಟ್ಟ ಫೋನಿನಲ್ಲಿದ್ದೆ. 36 ಮಿಲಿಮೀಟರ್ ಅಂದರು. ಬರೆದುಕೊಳ್ಳುವಾಗ ನನ್ನ ಕೈ ನಡುಗುತ್ತಿತ್ತು. ಅವಳು ಕ್ಯಾಮೆರಾ ಕಡೆ ತಿರುಗಿ ನಕ್ಕಳು.

ನಿಮಗೆ ಇನ್ನೂ ಸಮಯ ಇದೆ. ಬೆಳಿಗ್ಗೆ ಸೆಂಟರಿನಲ್ಲಿ ಜನ ಜಾಸ್ತಿ, ಫೋನ್ ಎತ್ತಿದವರಿಗೆ ಮಾತಾಡಲು ಪುರುಸೊತ್ತು ಇರುವುದಿಲ್ಲ. ಊರಿನ ಸಮಯ ಮೂರು ಗಂಟೆ ಮೇಲೆ ಮಾಡಿ, ಅಂದರೆ ನಿಮಗೆ ಒಂದೂವರೆ. ಅವರು ಏನು ಹೇಳಿದರು ಅಂತ ಅವಳಿಗೆ ತಿಳಿಸುವಾಗ, ಅವಳಿಗೆ ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಮರೆಯದೆ ಕೇಳಿ.