ಹತ್ತು ವರ್ಷದ ಪ್ರಬಂಧ: ಲೆಕ್ಕ ಹಿಂದಿನಿಂದ ಹಾಕಿ

ಪ್ರಶ್ನೆ: ನಮ್ಮದು ಮಾದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿದೆ. ಸ್ಕಾಲರ್‌ಶಿಪ್ ಅರ್ಜಿಗೆ ‘ಹತ್ತು ವರ್ಷದ ನಂತರ ನೀವು ಎಲ್ಲಿರುತ್ತೀರಿ?’ ಅಂತ 500 ಪದದ ಪ್ರಬಂಧ ಕೇಳಿದ್ದಾರೆ. ‘ದೊಡ್ಡ ವಿಜ್ಞಾನಿಯಾಗಿ ಪರಿಸರ ಉಳಿಸುತ್ತೇನೆ’ ಅಂತ ಶುರು ಮಾಡಿದೆ, ಮುಂದಕ್ಕೆ ಹೋಗ್ತಾ ಇಲ್ಲ. ಹೇಗೆ ಬರೀಲಿ ಸರ್?
— ವಿದ್ಯಾರ್ಥಿನಿ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಮೊದಲು ವರ್ಷ ಎಣಿಸಿ ನೋಡಿ. ಬಿ.ಎಸ್ಸಿ. ಫಾರೆಸ್ಟ್ರಿಗೆ 4 ವರ್ಷ, ಎಂ.ಎಸ್ಸಿ.ಗೆ 2 ವರ್ಷ. ಕೆಲಸಕ್ಕೆ ಉಳಿಯುವುದು ಬರೀ 4 ವರ್ಷ. ಅಷ್ಟರಲ್ಲಿ ಯಾರೂ ದೊಡ್ಡ ವಿಜ್ಞಾನಿ ಆಗುವುದಿಲ್ಲ, ಅರ್ಜಿ ಓದುವವರಿಗೂ ಅದು ಗೊತ್ತು. ನಿಮ್ಮ ಪ್ರಬಂಧ ಮುಂದೆ ಹೋಗದಿರುವುದೂ ಇದಕ್ಕೇ. ಆ ವಾಕ್ಯದಲ್ಲಿ ಮಾಡುವ ಕೆಲಸವೇ ಇಲ್ಲ, ಬಿರುದು ಮಾತ್ರ ಇದೆ. ನಾಲ್ಕು ವರ್ಷ ದುಡಿದ ಒಬ್ಬಳು ಏನು ಮಾಡಿರಬಹುದೋ ಅಲ್ಲಿಂದ ಶುರು ಮಾಡಿ, ಹಿಂದಕ್ಕೆ ಬನ್ನಿ.

ಏನು ಮಾಡಿರಬಹುದು? ನಿಮ್ಮ ಸುತ್ತಲೇ ನೋಡಿ. ನಮ್ಮ ತೋಟಗಳಲ್ಲಿ ಅತ್ತಿ, ಗೋಣಿ, ಹಲಸು, ನಂದಿಯಂಥ ಊರಿನ ನೆರಳು ಮರಗಳು ಕಡಿಮೆಯಾಗಿ ಸಿಲ್ವರ್ ಓಕ್ ಜಾಸ್ತಿಯಾಗಿದೆ. ಬೆಳೆಗಾರರನ್ನು ಬೈದು ಪ್ರಯೋಜನವಿಲ್ಲ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯಲು ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕಿಲ್ಲ. ಕಾಡುಮರವಾದರೆ ಅನುಮತಿಯ ತಲೆನೋವು, ಮೇಲಿಂದ ಮರದ ಹಕ್ಕು ಯಾರದ್ದು ಎಂಬ ಹಳೆಯ ಗೊಂದಲ. ಈ ಇಕ್ಕಟ್ಟು ಗೊತ್ತಿರುವ ಹುಡುಗಿ ನೀವು ಎಂದು ಮೊದಲ ಪ್ಯಾರಾದಲ್ಲೇ ಕಾಣಬೇಕು. ಉದಾಹರಣೆಗೆ ಹೀಗೆ:

‘ಹತ್ತು ವರ್ಷದ ನಂತರ ಮಾದಾಪುರ, ಮಕ್ಕಂದೂರು ಕಡೆಯ ಸಣ್ಣ ಬೆಳೆಗಾರರಿಗೆ ಯಾವ ಇಳಿಜಾರಿನಲ್ಲಿ ಯಾವ ನೆರಳು ಮರ ಉಳಿಸಬೇಕು, ಯಾವುದನ್ನು ಹೊಸದಾಗಿ ನೆಡಬೇಕು ಎಂದು ಸಲಹೆ ಕೊಡುತ್ತಿರುತ್ತೇನೆ. ಅದಕ್ಕೆ ಬೇಕಾದ ಊರಿನ ಮರಗಳ ಸಸಿ ನನ್ನದೇ ನರ್ಸರಿಯಲ್ಲಿರುತ್ತದೆ.’

ಇಷ್ಟಕ್ಕೆ 80 ಪದ ಸಾಕು. ಮುಂದಿನ 120 ಪದ, ಈ ಯೋಚನೆ ನಿಮಗೆ ಎಲ್ಲಿಂದ ಬಂತು ಅನ್ನುವುದಕ್ಕೆ. ನಿಮ್ಮ ಕಡೆಯವರು ಹೆಚ್ಚಿನವರು 2018ರ ಆಗಸ್ಟ್‌ನ ಭೂಕುಸಿತದ ಬಗ್ಗೆ ಬರೆಯುತ್ತಾರೆ. ಬರೆಯಿರಿ, ಆದರೆ ನೀವು ಕಣ್ಣಾರೆ ಕಂಡದ್ದನ್ನು ಮಾತ್ರ. ‘ಸಿಲ್ವರ್ ಓಕ್‌ನಿಂದಲೇ ಗುಡ್ಡ ಕುಸಿಯಿತು’ ಎಂದು ತೀರ್ಪು ಕೊಡಬೇಡಿ. ಅತಿ ಮಳೆ, ರಸ್ತೆಗೂ ಮನೆಗೂ ಇಳಿಜಾರು ಕಡಿದದ್ದು, ಹೀಗೆ ಕಾರಣ ಹಲವು. ವಿಷಯ ತಿಳಿದ ಪರೀಕ್ಷಕರು ಆ ಒಂದು ವಾಕ್ಯಕ್ಕೇ ಪ್ರಬಂಧ ಬದಿಗಿಡಬಹುದು. ‘ಬೇರೆ ಬೇರೆ ಮರಗಳ ಬೇರು ಇಳಿಜಾರಿನ ಮಣ್ಣನ್ನು ಎಷ್ಟು ಹಿಡಿಯುತ್ತದೆ ಎಂದು ತಿಳಿಯಬೇಕು’ ಎಂದು ಪ್ರಶ್ನೆಯಾಗಿ ಬರೆಯಿರಿ. ಓದಲು ಹೊರಟವರಿಗೆ ಪ್ರಶ್ನೆ ಇರಬೇಕಲ್ವಾ?

ದಾರಿಯ ಭಾಗಕ್ಕೆ 220 ಪದ ಕೊಡಿ. ಬಹಳ ಜನ ಇಲ್ಲೇ ಸೋಲುತ್ತಾರೆ, ಕೋರ್ಸುಗಳ ಪಟ್ಟಿ ಕೊಟ್ಟು ಮುಗಿಸುತ್ತಾರೆ. ಒಂದೊಂದು ಹಂತದಿಂದ ಮುಂದಿನ ಹಂತಕ್ಕೆ ಏನು ಸಿಗುತ್ತದೆ ಎಂದು ಹೇಳಿ. ಡಿಗ್ರಿಯಲ್ಲಿ ಮರ ಗುರುತಿಸುವುದು, ಬೀಜ ಮೊಳೆಸುವುದು, ಮಣ್ಣು ನೋಡುವುದು ಕಲಿಯುತ್ತೀರಿ. ರಜೆಯಲ್ಲಿ ನಿಮ್ಮದೇ ತೋಟದ ನೆರಳು ಮರಗಳನ್ನು ಎಣಿಸಿ ಪಟ್ಟಿ ಮಾಡುತ್ತೀರಿ. ಆ ಪಟ್ಟಿಯಿಂದ ಎಂ.ಎಸ್ಸಿ.ಯ ಸಂಶೋಧನಾ ವಿಷಯ ಹುಟ್ಟಬಹುದು. ಆಮೇಲೆ ಎರಡು ವರ್ಷ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಂಥ ಕಡೆ ಕೆಲಸಕ್ಕೆ ಪ್ರಯತ್ನಿಸುತ್ತೀರಿ, ಬೆಳೆಗಾರರ ಜೊತೆ ಮಾತಾಡುವುದು ಅಲ್ಲಿ ರೂಢಿಯಾಗುತ್ತದೆ. ಕೊನೆಯ ಎರಡು ವರ್ಷದಲ್ಲಿ ನರ್ಸರಿ. ಎಂ.ಎಸ್ಸಿ. ಸೀಟು ಸಿಗದಿದ್ದರೆ ಏನು ಅನ್ನುವುದನ್ನೂ ಒಂದೇ ವಾಕ್ಯದಲ್ಲಿ ಹೇಳಿ: ನೇರವಾಗಿ ನರ್ಸರಿ ಕೆಲಸಕ್ಕೆ ಸೇರುತ್ತೇನೆ, ಗುರಿ ಅದೇ. ಇದನ್ನು ಬರೆದರೆ ಆತ್ಮವಿಶ್ವಾಸ ಕಡಿಮೆ ಅಂದುಕೊಳ್ಳುತ್ತಾರೆ ಎಂದು ಮಕ್ಕಳು ಹೆದರುತ್ತಾರೆ. ನಾನಂತೂ ಬರೆಯಿರಿ ಅಂತಲೇ ಹೇಳುತ್ತೇನೆ. ಯೋಚನೆ ಮಾಡಿದವರಿಗೆ ಮಾತ್ರ ಅದು ಹೊಳೆಯುತ್ತದೆ.

ಉಳಿದ 80 ಪದ ಹಣದ ಬಗ್ಗೆ. ಕಷ್ಟ ಹೇಳಿಕೊಳ್ಳುವುದಕ್ಕಲ್ಲ, ಮನೆಯ ಆದಾಯ ಅರ್ಜಿಯ ಬೇರೆ ಕಾಲಂನಲ್ಲಿ ಇದ್ದೇ ಇರುತ್ತದೆ. ಹಣ ಬಂದರೆ ಮೇಲಿನ ದಾರಿಯಲ್ಲಿ ಯಾವ ಹಂತ ಸಾಧ್ಯವಾಗುತ್ತದೆ ಎಂದು ಹೇಳಿ. ‘ಹಾಸ್ಟೆಲ್ ಖರ್ಚಿಗೆ ಈ ಹಣ ಸಿಕ್ಕರೆ ರಜೆಯಲ್ಲಿ ಕೂಲಿಗೆ ಹೋಗುವ ಬದಲು ಮರಗಳ ಪಟ್ಟಿ ಮುಗಿಸಬಹುದು’ ಎನ್ನುವುದು ನಿಮ್ಮ ವಿಷಯದಲ್ಲಿ ನಿಜವಾಗಿದ್ದರೆ ಹಾಗೇ ಬರೆಯಿರಿ.

ಬರೆದು ಮುಗಿದ ಮೇಲೆ ಹೆಸರು, ಊರು ಮುಚ್ಚಿ ಗೆಳತಿಗೆ ಓದಲು ಕೊಡಿ. ಮೈಸೂರಿನ ಯಾರಾದರೂ ಇದನ್ನೇ ಬರೆಯಬಹುದಿತ್ತು ಅನ್ನಿಸುವ ವಾಕ್ಯಕ್ಕೆ ಗೆರೆ ಹಾಕಲು ಹೇಳಿ. ಗೆರೆ ಬಿದ್ದ ವಾಕ್ಯಗಳನ್ನು ತೆಗೆದು, ಆ ಜಾಗಕ್ಕೆ ನಿಮ್ಮ ತೋಟದ ಒಂದು ಮರವನ್ನೋ ಒಂದು ಇಳಿಜಾರನ್ನೋ ತನ್ನಿ. ಸಂದರ್ಶನಕ್ಕೆ ಕರೆದರೆ ‘ಗೋಣಿ ಮರವೇ ಯಾಕೆ?’ ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಗೊತ್ತಿರುವ ಮರದ ಹೆಸರನ್ನಷ್ಟೇ ಬರೆಯಿರಿ.