ಗುಣಿಸಿದರೆ 2,400, ಮನೆ ಲೆಕ್ಕಕ್ಕೆ 1,920: ಯಾವುದನ್ನು ನಂಬೋಣ?

ಓದುಗರ ಪತ್ರ: ಸಂಪಾದಕರೇ, ನಮ್ಮ ಬಡಾವಣೆಯಲ್ಲಿ 120 ಅಪಾರ್ಟ್‌ಮೆಂಟ್ ಕಟ್ಟಡಗಳಿವೆ, ಒಟ್ಟು 960 ಮನೆ. ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ನೀರು ಬಂತು ಅಂತ ತಿಳಿಯಲು ಚೀಟಿ ಎತ್ತಿ 6 ಕಟ್ಟಡ ಆರಿಸಿದೆವು. ಮನೆ–ಲೋಡು ಹೀಗಿವೆ: 4–10, 6–9, 8–19, 10–18, 12–28, 20–36. ಸರಾಸರಿ 20 ಲೋಡು, 120ರಿಂದ ಗುಣಿಸಿದರೆ 2,400. ಸಂಘದ ಒಬ್ಬರು ಮನೆಗೆ 2 ಲೋಡು ಹಿಡಿದು 1,920 ಅನ್ನುತ್ತಾರೆ. ಯಾರ ಲೆಕ್ಕ ಸರಿ?
— ಸಂಘದ ಕಾರ್ಯದರ್ಶಿ, ಬೆಂಗಳೂರು

ಸಂಪಾದಕರ ಉತ್ತರ: ನಿಮ್ಮ ಅಂಕಿಗಳಿಗೆ 1,920 ಹೆಚ್ಚು ನಂಬುವಂಥದ್ದು. ಕಾರಣ ನಿಮ್ಮ ಪತ್ರದಲ್ಲೇ ಇದೆ.

ಇಡೀ ಬಡಾವಣೆಯಲ್ಲಿ ಕಟ್ಟಡಕ್ಕೆ ಸರಾಸರಿ 8 ಮನೆ. ಚೀಟಿಯಲ್ಲಿ ಬಂದ ಕಟ್ಟಡಗಳಲ್ಲಿ ಸರಾಸರಿ 10. ಅಂದರೆ ಈ ಸಲ ದೊಡ್ಡ ಕಟ್ಟಡಗಳು ಜಾಸ್ತಿ ಸಿಕ್ಕಿವೆ. ಚೀಟಿ ಎತ್ತಿದವರ ತಪ್ಪಲ್ಲ, ಆರೇ ಕಟ್ಟಡ ಎತ್ತಿದಾಗ ಹೀಗಾಗುವುದು ಸಹಜ. ಸುಮ್ನೆ 120ರಿಂದ ಗುಣಿಸಿದರೆ ಈ ಏರುಪೇರೂ ಗುಣಿಸಿಕೊಳ್ಳುತ್ತದೆ. ಅನುಪಾತದ ಅಂದಾಜು ಅದನ್ನು ಸರಿಪಡಿಸುತ್ತದೆ: ಆರೂ ಕಟ್ಟಡಗಳ ಒಟ್ಟು ಲೋಡು 120, ಒಟ್ಟು ಮನೆ 60, ಮನೆಗೆ 2 ಲೋಡು. ಅದನ್ನು ನಿಮಗೆ ಮೊದಲೇ ಗೊತ್ತಿರುವ 960ರಿಂದ ಗುಣಿಸುತ್ತೀರಿ. 1802ರಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಫ್ರಾನ್ಸಿನ ಜನಸಂಖ್ಯೆಯನ್ನು ಅಂದಾಜು ಮಾಡಿದ್ದೂ ಹೀಗೆಯೇ. ಆರಿಸಿದ ಊರುಗಳಲ್ಲಿ ವರ್ಷಕ್ಕೆ ಒಂದು ಜನನಕ್ಕೆ ಸುಮಾರು 28.35 ಜನ ಇದ್ದಾರೆಂದು ಕಂಡುಕೊಂಡು, ಅದನ್ನು ದೇಶದ ಒಟ್ಟು ಜನನಕ್ಕೆ ಹಚ್ಚಿದರು.

ಎರಡು ಲೆಕ್ಕಗಳ ನಡುವೆ ಎಷ್ಟು ಅಂತರ ಅಂತ ನೋಡೋಣ. ನೇರವಾಗಿ ಗುಣಿಸುವಾಗ ತಪ್ಪಿನ ಅಳತೆ, ಲೋಡುಗಳು ತಮ್ಮ ಸರಾಸರಿ 20ರಿಂದ ಎಷ್ಟು ಚದುರಿವೆ ಎಂಬುದರ ಮೇಲೆ ನಿಂತಿದೆ. 9ರಿಂದ 36ರವರೆಗೆ ಹರಡಿವೆ, 20ರಿಂದ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ 546. ಅನುಪಾತದಲ್ಲಿ ನೋಡಬೇಕಾದ್ದು ಬೇರೆ: ಮನೆಗೆ 2ರಂತೆ ಬರಬೇಕಾದದ್ದಕ್ಕೂ ನಿಜವಾಗಿ ಬಂದದ್ದಕ್ಕೂ ಇರುವ ವ್ಯತ್ಯಾಸ. ಕ್ರಮವಾಗಿ 2, −3, 3, −2, 4, −4. ವರ್ಗಗಳ ಮೊತ್ತ 58 ಅಷ್ಟೇ. ಇವುಗಳಿಂದ ಒಟ್ಟು ಅಂದಾಜಿನ ಸ್ಟಾಂಡರ್ಡ್ ಎರರ್, ಅಂದರೆ ಯಾವ ಚೀಟಿ ಬಂತು ಎಂಬುದರಿಂದ ಅಂದಾಜು ಸಾಮಾನ್ಯವಾಗಿ ಎಷ್ಟು ಆಚೀಚೆ ಆಗಬಹುದು ಎಂಬ ಅಳತೆ, ತೆಗೆದರೆ ಮೊದಲನೆಯದಕ್ಕೆ ಸುಮಾರು 500 ಲೋಡು, ಎರಡನೆಯದಕ್ಕೆ ಸುಮಾರು 160. ಬರೀ ಗುಣಾಕಾರದಿಂದ ಈ ಎರಡನೆಯ ನಿಖರತೆ ಬೇಕೆಂದರೆ ಸುಮಾರು 40 ಕಟ್ಟಡಗಳ ಬಾಗಿಲು ತಟ್ಟಬೇಕಿತ್ತು.

ಇಷ್ಟು ಕೇಳಿ ಎಲ್ಲಾ ಕಡೆ ಅನುಪಾತವನ್ನೇ ಬಳಸಬೇಡಿ. ಮನೆಗೂ ಲೋಡಿಗೂ ಗಟ್ಟಿ ಸಂಬಂಧ ಇದ್ದರೆ ಸಾಕು ಎಂದು ಅನೇಕರು ಅಂದುಕೊಳ್ಳುತ್ತಾರೆ. ಅದು ಸಾಲದು. ಒಂದು ಮನೆ ಹೆಚ್ಚಾದಾಗ ಲೋಡು ಎಷ್ಟು ಏರುತ್ತದೆ ನೋಡಿ. ಆ ಏರಿಕೆ, ಒಟ್ಟು ಲೋಡನ್ನು ಒಟ್ಟು ಮನೆಯಿಂದ ಭಾಗಿಸಿದಾಗ ಬರುವ ಅಂಕಿಯ ಅರ್ಧಕ್ಕಿಂತ ಜಾಸ್ತಿ ಇರಬೇಕು. ಆಗ ಮಾತ್ರ ಅನುಪಾತ ಗೆಲ್ಲುತ್ತದೆ. ನಿಮ್ಮಲ್ಲಿ ಏರಿಕೆ ಸುಮಾರು 1.76, ಅರ್ಧ ಎಂದರೆ 1. ಆರಾಮಾಗಿ ಗೆದ್ದಿದೆ.

ಈಗ ಬೇರೊಂದು ಬಡಾವಣೆ ಊಹಿಸಿಕೊಳ್ಳಿ. ಕಟ್ಟಡಗಳೂ ಮನೆಗಳೂ ಇಷ್ಟೇ. ಅಲ್ಲಿ ಪ್ರತಿ ಕಟ್ಟಡಕ್ಕೂ ಕಾಮನ್ ಏರಿಯಾ, ಗಿಡಗಳಿಗೆಂದು 15 ಲೋಡು ಬೇಕೇ ಬೇಕು, ಮೇಲೆ ಮನೆಗೆ ಅರ್ಧ ಲೋಡು. ಸಂಬಂಧ ಒಂದು ಚೂರೂ ತಪ್ಪದ ನೇರ ಗೆರೆ. ಅದೇ ಆರು ಕಟ್ಟಡ ಬಂದರೂ ಸರಾಸರಿ 20 ಲೋಡೇ, ಹಾಗಾಗಿ ಅಂದಾಜುಗಳೂ ಅವೇ: 2,400 ಮತ್ತು 1,920. ನಿಜವಾದ ಒಟ್ಟು ಮಾತ್ರ 2,280. ಇಲ್ಲಿ ಸುಮ್ನೆ ಗುಣಿಸಿದ್ದು 120 ತಪ್ಪಿದರೆ, ಅನುಪಾತ 360 ತಪ್ಪಿತು! ಮನೆ ಒಂದೂ ಇಲ್ಲದಿದ್ದರೆ ಲೋಡೂ ಸೊನ್ನೆ ಎಂದು ಅನುಪಾತ ನಂಬುತ್ತದೆ, ಅಲ್ಲೇ ಎಡವಿತು. ಇಂಥ ಕಡೆ ರಿಗ್ರೆಷನ್ ಅಂದಾಜು ಬೇಕು. ಅದು ಗೆರೆಯನ್ನು ಸೊನ್ನೆಯ ಮೂಲಕವೇ ಹೋಗಬೇಕೆಂದು ಬಲವಂತ ಮಾಡುವುದಿಲ್ಲ.

ನಿಮ್ಮ 960ರ ಬಗ್ಗೆಯೂ ಒಂದು ಮಾತು. ಅದರಲ್ಲಿ ಬೀಗ ಹಾಕಿದ ಮನೆಗಳೂ ಸೇರಿದ್ದು, ಆರು ಕಟ್ಟಡಗಳಲ್ಲಿ ಜನ ಇರುವ ಮನೆಗಳನ್ನಷ್ಟೇ ಎಣಿಸಿದ್ದರೆ ಒಟ್ಟು ಉಬ್ಬಿಬಿಡುತ್ತದೆ. ಎಷ್ಟು ಕಟ್ಟಡ ನೋಡಿದರೂ ಆ ತಪ್ಪು ಹೋಗುವುದಿಲ್ಲ. ಎರಡೂ ಕಡೆ ಒಂದೇ ರೀತಿ ಎಣಿಸಿ.

ಅನುಪಾತಕ್ಕೆ ಸಣ್ಣ ವಾಲಿಕೆಯೂ ಇದೆ. ನೂರಾರು ಸಲ ಚೀಟಿ ಎತ್ತಿದರೂ ಅದರ ಸರಾಸರಿ ನಿಜವಾದ ಒಟ್ಟಿಗೆ ಸರಿಯಾಗಿ ಕೂರುವುದಿಲ್ಲ. ನಿಮ್ಮ ಆರು ಕಟ್ಟಡಗಳಿಗೆ ಅದು ಸ್ಟಾಂಡರ್ಡ್ ಎರರ್‌ನ ಕಾಲು ಭಾಗದ ಹತ್ತಿರದವರೆಗೂ ಹೋಗಬಹುದು. 30 ಕಟ್ಟಡ ಆರಿಸಿದರೆ ಹತ್ತನೇ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ, ಆಗ ಅದನ್ನು ಬಿಟ್ಟುಬಿಡಬಹುದು. ಹಾಗಾಗಿ ಮೇ ತಿಂಗಳ ಲೆಕ್ಕಕ್ಕೆ 30 ಚೀಟಿ ಎತ್ತಿ. ಮನೆ, ಲೋಡುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಚುಕ್ಕೆಗಳ ಗೆರೆ ಸೊನ್ನೆಯ ಹತ್ತಿರ ಹಾದುಹೋದರೆ ನಿಮ್ಮ ಸಂಘದವರ ಲೆಕ್ಕವನ್ನೇ ಮುಂದುವರಿಸಿ. ಮೇಲೆಲ್ಲೋ ಶುರುವಾದರೆ ಆ ಹಾಳೆಯನ್ನು ನಮಗೆ ಕಳುಹಿಸಿ, ರಿಗ್ರೆಷನ್ ಲೆಕ್ಕವನ್ನು ಇದೇ ಅಂಕಣದಲ್ಲಿ ಮಾಡಿ ತೋರಿಸುತ್ತೇವೆ.